ನನ್ನ ಪ್ರಬಂಧವನ್ನು ತಿದ್ದಿದ ಗೆಳೆಯನಿಗೆ

ಪ್ರಿಯ ಗೆಳೆಯ,

ಚಿಕ್ಕಪ್ಪನ ಗಡಿಯಾರದ ಅಂಗಡಿಯ ಕುರಿತ ಪ್ರಬಂಧ ಅಚ್ಚಾಗಿ ಬಂದಿದೆ. ಓದಿದವರು ಭಾಷೆ ಸರಾಗವಾಗಿದೆ ಎನ್ನುತ್ತಿದ್ದಾರೆ. ಆ ಸರಾಗ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. ಹಾಗಾಗಿ ಬರೀ ‘ಧನ್ಯವಾದ’ ಎಂದು ಬರೆದು ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ. ನೀನು ಏನೇನು ತಿದ್ದಿದೆ ಎಂಬುದನ್ನು ಹೆಸರಿಟ್ಟು ಹೇಳಬೇಕು.

ಮೊದಲನೆಯದು ಎರಡನೆಯ ಪುಟದ ಆ ಉದ್ದನೆಯ ವಾಕ್ಯ. ನನ್ನ ಕರಡಿನಲ್ಲಿ ಅದು ಹೀಗಿತ್ತು: “ಮೂವತ್ತು ವರ್ಷ ಅದೇ ಅಂಗಡಿಯಲ್ಲಿ ಕುಳಿತು ಊರವರ ಗಡಿಯಾರ ರಿಪೇರಿ ಮಾಡುತ್ತಿದ್ದ, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಗಿರಾಕಿಗಳ ಜೊತೆ ಮಾತನಾಡುತ್ತಿದ್ದ, ಯಾರಿಗೂ ರಸೀದಿ ಬರೆದುಕೊಡದ ಚಿಕ್ಕಪ್ಪನ ಕೈ ನಡುಗತೊಡಗಿತು.” ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ನೀನು ‘ಮಾಡುತ್ತಿದ್ದ’ ಎಂಬುದಕ್ಕೆ ಸುತ್ತು ಹಾಕಿ ಅಂಚಿನಲ್ಲಿ ಬರೆದೆ: “ಇಲ್ಲಿ ಅಲ್ಪವಿರಾಮ ಬಂದ ಕೂಡಲೇ ಓದುಗ ಇದನ್ನು ಕ್ರಿಯಾಪದವೆಂದೇ ಓದುತ್ತಾನೆ. ಯಾರೋ ಒಬ್ಬ ‘ಮಾಡುತ್ತಿದ್ದ’ ಎಂದು ಏಕವಚನದಲ್ಲಿ ಕೇಳಿಸುತ್ತದೆ. ಚಿಕ್ಕಪ್ಪ ಬಂದ ಮೇಲೆ ಅವನು ಹಿಂದಿರುಗಿ ಮತ್ತೆ ಓದಬೇಕು.” ನಿಜ. ಕನ್ನಡದಲ್ಲಿ ಕೃದಂತಕ್ಕೂ ಏಕವಚನದ ಕ್ರಿಯಾಪದಕ್ಕೂ ಅಲ್ಲಿ ಒಂದೇ ರೂಪ. ಒಂದು ಕೃದಂತವಿದ್ದರೆ ಹಿಂದೆಯೇ ನಾಮಪದ ಬಂದು ಅರ್ಥ ತಿಳಿಯಾಗುತ್ತದೆ. ಮೂರನ್ನು ಸಾಲಾಗಿ ನಿಲ್ಲಿಸಿದರೆ ಓದುಗ ಯಾರ ಮಾತೆಂದು ತಿಳಿಯದೆ ಅಷ್ಟನ್ನೂ ಹೊತ್ತುಕೊಂಡು ನಡೆಯಬೇಕು.

ನೀನು ಮಾಡಿದ್ದು ಇಷ್ಟು: “ಚಿಕ್ಕಪ್ಪ ಮೂವತ್ತು ವರ್ಷ ಅದೇ ಅಂಗಡಿಯಲ್ಲಿ ಕುಳಿತು ಊರವರ ಗಡಿಯಾರ ರಿಪೇರಿ ಮಾಡಿದರು. ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಗಿರಾಕಿಗಳ ಜೊತೆ ಮಾತನಾಡುತ್ತಿದ್ದರು. ಯಾರಿಗೂ ರಸೀದಿ ಬರೆದುಕೊಟ್ಟವರಲ್ಲ. ಆಮೇಲೆ ಕೈ ನಡುಗತೊಡಗಿತು.” ನಾನು ಬರೆದ ಒಂದು ಸಂಗತಿಯೂ ಬಿಟ್ಟುಹೋಗಿಲ್ಲ. ಚಿಕ್ಕಪ್ಪ ಮೊದಲೇ ಬಂದು ಕುಳಿತರು, ಅವರಿಗೆ ಸಲ್ಲಬೇಕಾದ ಬಹುವಚನವೂ ಬಂತು. ಕೈ ನಡುಗಿದ್ದು ಕೊನೆಯ ಪುಟ್ಟ ವಾಕ್ಯದಲ್ಲಿ ಒಂಟಿಯಾಗಿ ನಿಂತಿತು. ಅದನ್ನು ಓದಿದಾಗ ನನಗೇ ಎದೆ ಭಾರವಾಯಿತು.

ಎರಡನೆಯದು ಮೇಷ್ಟರ ಪ್ರಸಂಗದ ‘ಅವರು’ಗಳು. ರಿಪೇರಿಯಾಗದ ಗಡಿಯಾರದ ಮುಂಗಡವನ್ನು ಚಿಕ್ಕಪ್ಪ ಮೇಷ್ಟರಿಗೆ ಹಿಂದಿರುಗಿಸುವ ಭಾಗ ಅದು. “ಅವರು ಬೇಡವೆಂದರು. ಅವರ ಕಣ್ಣು ಒದ್ದೆಯಾಗಿತ್ತು” ಎಂದಿತ್ತು. ಯಾರ ಕಣ್ಣು? ನನ್ನ ಮನಸ್ಸಿನಲ್ಲಿ ಚಿತ್ರ ಸ್ಪಷ್ಟವಿದ್ದುದರಿಂದ ಆ ಪ್ರಶ್ನೆ ನನಗೆ ಹುಟ್ಟುವಂತೆಯೇ ಇರಲಿಲ್ಲ. ಇಬ್ಬರು ಹಿರಿಯರು ಎದುರುಬದುರು ನಿಂತಾಗ ಕನ್ನಡದ ‘ಅವರು’ ಇಬ್ಬರಿಗೂ ಸಲ್ಲುತ್ತದೆ. ಎಲ್ಲ ಕಡೆಯೂ ಹೆಸರು ತುರುಕಿದ್ದರೆ ವರದಿಯಂತಾಗುತ್ತಿತ್ತು. ನೀನು “ಮೇಷ್ಟರು ಬೇಡವೆಂದರು” ಎಂದು ಒಂದೇ ಕಡೆ ಹೆಸರಿಟ್ಟೆ, ಮುಂದಿನದನ್ನು “ಕಣ್ಣು ಒದ್ದೆಯಾಗಿತ್ತು” ಎಂದಷ್ಟೇ ಉಳಿಸಿದೆ. ಸರ್ವನಾಮ ತೆಗೆದದ್ದರಿಂದಲೇ ಆ ಕಣ್ಣು ಮೇಷ್ಟರದಾಯಿತು.

ಇನ್ನೊಂದು, ಭಾಷೆಯದಲ್ಲ. “ಸೆಕೆಗಾಲದಲ್ಲಿ ಲೋಲಕದ ಗಡಿಯಾರ ವ್ಯತ್ಯಾಸ ತೋರಿಸುತ್ತದೆ” ಎಂದು ಬರೆದಿದ್ದೆ. ಪಕ್ಕದಲ್ಲಿ ನಿನ್ನ ಪ್ರಶ್ನೆ: “ಮುಂದೆಯೋ, ಹಿಂದೆಯೋ? ಎಷ್ಟು?” ವಾಕ್ಯ ಚೆನ್ನಾಗಿದ್ದರೆ ಮುಂದೆ ಸಾಗುವ ತಿದ್ದುಗಾರರೇ ಹೆಚ್ಚು, ನೀನು ಅಲ್ಲಿ ನಿಂತೆ. ನಾನು ಲೆಕ್ಕ ಹಾಕಿ ನೋಡಿದೆ. ಸೆಕೆಗೆ ಉಕ್ಕಿನ ಸರಳು ಹಿಗ್ಗುತ್ತದೆ, ಲೋಲಕ ಉದ್ದವಾದಷ್ಟೂ ತೂಗಾಟ ನಿಧಾನ. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಗಡಿಯಾರ ದಿನಕ್ಕೆ ಸುಮಾರು 5 ಸೆಕೆಂಡು ಹಿಂದೆ ಬೀಳುತ್ತದೆ. ಲೋಲಕದ ಬುಡದ ತಿರುಪನ್ನು ಚಿಕ್ಕಪ್ಪ ಬೇಸಿಗೆಯಲ್ಲಿ ತುಸು ಮೇಲಕ್ಕೆ ತಿರುಗಿಸುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಗುಂಡನ್ನು ಮೇಲೆತ್ತಿ ಲೋಲಕವನ್ನು ಗಿಡ್ಡ ಮಾಡುತ್ತಿದ್ದರು! ಪ್ರಬಂಧದಲ್ಲಿ ಎಲ್ಲರೂ ಮೆಚ್ಚಿದ ಪ್ಯಾರಾ ಅದೇ. ಅದು ಹುಟ್ಟಿದ್ದು ನಿನ್ನ ಮೂರು ಪದಗಳಿಂದ.

ಅಕ್ಷರದೋಷ, ಪದಗಳ ನಡುವಿನ ಜಾಗ, ‘ಮತ್ತು’ಗಳ ಕಡಿತ ಇವೂ ಇದ್ದವು, ಅವನ್ನು ಬಿಡಿಸಿ ಹೇಳುವುದಿಲ್ಲ. ಆದರೆ ನೀನು ಮುಟ್ಟದೆ ಬಿಟ್ಟದ್ದಕ್ಕೂ ನಾನು ಋಣಿ. ಚಿಕ್ಕಮ್ಮ “ಬಂದರಾ? ಉಂಡರಾ? ಬಂದರಾ?” ಎಂದು ಕೇಳುವಲ್ಲಿ ಎರಡನೆಯ ‘ಬಂದರಾ’ವನ್ನು ನೀನು ಮೊದಲು ಹೊಡೆದುಹಾಕಿದ್ದೆ. ಆಮೇಲೆ ಅದರ ಕೆಳಗೆ ಚುಕ್ಕೆಗಳನ್ನಿಟ್ಟು “ಇರಲಿ, ಆಕೆ ಹಾಗೆಯೇ ಕೇಳುವವರು” ಎಂದು ಬರೆದೆ. ಚಿಕ್ಕಮ್ಮನನ್ನು ನೀನು ನೋಡಿಯೇ ಇಲ್ಲ. ಬರೆದದ್ದರಿಂದಲೇ ಅವರ ದನಿಯನ್ನು ಗುರುತಿಸಿದ್ದೀಯೆ.

ಪ್ರಬಂಧದ ಕೊನೆಯಲ್ಲಿ ನಿನ್ನ ಹೆಸರು ಹಾಕಬೇಕೆಂದಾಗ ನೀನು ಬಿಲ್ಕುಲ್ ಒಪ್ಪಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಲ್ಲಿ ಇಡುತ್ತಿದ್ದೇನೆ. ಮುಂದಿನ ಕರಡು ಬರುವ ವಾರ ಕಳಿಸುತ್ತೇನೆ, ಅಂಚು ಅಗಲವಾಗಿ ಬಿಟ್ಟು.

ನಿನ್ನ ಗೆಳೆಯ