ಎಷ್ಟು ದೊಡ್ಡ ಕೆಲಸ ಅಂತ ಬರೆಯಪ್ಪ

ಪುಟ್ಟಾ,

ಸೈಟ್ ಎಂಜಿನಿಯರ್ ಕೆಲಸಕ್ಕೆ ಅಂತ ನೀನು ಬರೆದು ಕಳಿಸಿದ ಅಪ್ಲಿಕೇಷನ್ ಮೇಲ್ ಎರಡು ಸಲ ಓದಿದೆ. ‘ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡಿದ್ದೇನೆ’ ಅಂತಿದೆ. ಎಷ್ಟು ದೊಡ್ಡದು ಅಂತ ಮಾತ್ರ ಎಲ್ಲೂ ಇಲ್ಲ. ನಾನು ಇಂಥ ಮೇಲ್‌ಗಳನ್ನು ಆರಿಸುವ ಕಡೆ ಕೂತಿದ್ದಾಗ ಈ ಮಾತು ಕಂಡರೆ ಮುಂದಿನ ಮೇಲ್ ತೆಗೆಯುತ್ತಿದ್ದೆ.

ವಸಂತನರಸಾಪುರದಲ್ಲಿ ನೀನು ನೋಡಿಕೊಂಡ ಕ್ವಾರ್ಟರ್ಸ್ ಕೆಲಸವನ್ನೇ ತಗೋ. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಒಂದೊಂದು 3,000 ಚದರಡಿ, ಒಟ್ಟು 12,000. ಇಷ್ಟು ಬರೆದರೆ ಸಾಕು, ಓದುವವನಿಗೆ ಕಟ್ಟಡ ಕಣ್ಣಿಗೆ ಬರುತ್ತದೆ. ಆದರೆ ನೀನು ‘ಒಂದು ಸ್ಲ್ಯಾಬ್‌ಗೆ 80 ಘನ ಮೀಟರ್ ಕಾಂಕ್ರೀಟ್’ ಅಂತ ಹಾಕಿದ್ದೀಯ. ಲೆಕ್ಕ ಹಾಕು: 3,000 ಚದರಡಿ ಅಂದರೆ ಸುಮಾರು 279 ಚದರ ಮೀಟರ್, ಸ್ಲ್ಯಾಬ್ ಐದಿಂಚು ದಪ್ಪ, ಅಂದರೆ 35 ಘನ ಮೀಟರ್. ಬೀಮ್ ಸೇರಿಸಿದರೂ 80 ಆಗುವುದು ಕಷ್ಟ. ಹಳೇ ಎಂಜಿನಿಯರ್ ಇದನ್ನು ಕಾಫಿ ಕುಡಿಯುತ್ತಲೇ ಮನಸ್ಸಿನಲ್ಲಿ ಮಾಡಿಬಿಡುತ್ತಾನೆ, ಆಮೇಲೆ ‘ಕಾಂಕ್ರೀಟ್ ಟೆಸ್ಟ್‌ಗೆ ಕ್ಯೂಬ್ ಎಷ್ಟು ತೆಗೆದೆಯಪ್ಪಾ’ ಅಂತ ಕೇಳುತ್ತಾನೆ. 35 ಘನ ಮೀಟರ್‌ಗೆ ನಾಲ್ಕು ಸ್ಯಾಂಪಲ್, ಒಂದೊಂದಕ್ಕೂ ಮೂರು ಕ್ಯೂಬ್. ಬೀಮ್ ಸೇರಿ 50 ದಾಟಿದರೆ ಇನ್ನೊಂದು ಸ್ಯಾಂಪಲ್. ಮೇಲ್‌ನ ಅಂಕಿಗೂ ಈ ಉತ್ತರಕ್ಕೂ ತಾಳೆಯಾಗಬೇಕು, ಅಲ್ವಾ?

ಇಡೀ ಕಟ್ಟಡ ನಿನ್ನದು ಅಂತಲೂ ಬರೆಯಬೇಡ. ಮೇಲಿನ ಎರಡು ಅಂತಸ್ತಿನ ಸೆಂಟ್ರಿಂಗ್, ಕಂಬಿ ಚೆಕಿಂಗ್, ಕಾಂಕ್ರೀಟ್ ನಿನ್ನದು. ಅದನ್ನೇ ಹೇಳು.

ಇನ್ನು ಸೇಫ್ಟಿ. ‘ಸರ್ಟಿಫೈಡ್ ಸೇಫ್ಟಿ ಆಫೀಸರ್’ ಅಂತ ಹಾಕಿಕೊಂಡಿದ್ದೀಯಲ್ಲೋ! ನೀನು ಮಾಡಿದ್ದು ಮೂರು ದಿನದ ಐಒಎಸ್‌ಎಚ್ ಕೋರ್ಸ್. ಸೇಫ್ಟಿ ಆಫೀಸರ್ ಬೇರೆ ಹುದ್ದೆ, ಅದರ ಓದೂ ಬೇರೆ. ಕೋರ್ಸಿನ ಹೆಸರು, ವರ್ಷ, ಸರ್ಟಿಫಿಕೇಟ್ ನಂಬರ್ ಇಷ್ಟೇ ಹಾಕು. ಅದರ ಕೆಳಗೆ ಸೈಟಿನಲ್ಲಿ ನೀನು ಮಾಡಿದ್ದು ಒಂದು ಸಾಲು. ಕಳೆದ ಮಳೆಗಾಲದಲ್ಲಿ ಆರಡಿ ಫುಟಿಂಗ್ ಗುಂಡಿಯ ಅಂಚಿಗೇ ಮಣ್ಣು ಸುರಿದಿದ್ದರು ಅಂತ ನೀನು ಜಗಳ ಮಾಡಿ ದೂರ ಹಾಕಿಸಿದೆಯಲ್ಲ, ಅದು. ನನ್ನ ಕಾಲದಲ್ಲಿ ಹಾಗೆ ಬಿಟ್ಟ ಗುಂಡಿಯೊಂದು ರಾತ್ರಿ ಮಳೆಗೆ ನೆನೆದು ಬೆಳಿಗ್ಗೆ ಕುಸಿಯಿತು. ಹುಡುಗರು ಟೀ ಕುಡಿಯಲು ಮೇಲೆ ಬಂದಿದ್ದರು, ಅದಕ್ಕೇ ಉಳಿದರು. ಇಂಥದ್ದು ಕಂಡವರಿಗೆ ನಿನ್ನ ಆ ಒಂದು ಸಾಲು ಸರ್ಟಿಫಿಕೇಟ್‌ಗಿಂತ ಜಾಸ್ತಿ ಹೇಳುತ್ತದೆ.

‘ಎಲ್ಲಿಗಾದರೂ ಬರ್ತೀನಿ’ ಅಂದರೆ ಯಾರೂ ನಂಬಲ್ಲ. ರಾಜ್ಯದೊಳಗೆ ಯಾವ ಜಿಲ್ಲೆಗಾದರೂ ಸರಿ, ನೋಟಿಸ್ 30 ದಿನ, ಉಳಿಯಲು ಸೈಟಿನ ಲೇಬರ್ ಶೆಡ್ ಪಕ್ಕದ ರೂಮಾದರೂ ಆದೀತು ಅಂತ ಬರೆ. ಹೊರರಾಜ್ಯದ ವಿಷಯ ಅಕ್ಕನ ಹತ್ತಿರ ಮೊದಲು ಮಾತಾಡು, ಆಮೇಲೆ ಬರೆಯುವುದೋ ಬೇಡವೋ ನೋಡು.

ಸಬ್ಜೆಕ್ಟ್ ಲೈನ್ ಹೀಗಿರಲಿ:

```
Site Engineer (Civil) - G+3 RCC, 12,000 sq ft - Ready to relocate
```

ತಿದ್ದಿ ಶನಿವಾರದೊಳಗೆ ಕಳಿಸು. ಬರುವಾಗ ನನ್ನ ಹಳೇ ಟೇಪ್ ವಾಪಸ್ ತಾ.

ನಿನ್ನ ಮಾವ
ತುಮಕೂರು