ಪುಟ್ಟಿಗೆ, ಹಬ್ಬದ ಡಬ್ಬಿಗಳ ಬಗ್ಗೆ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. "ಎರಡು ಕೆಜಿ ಮಿಕ್ಸ್ಚರ್ ತರೋಕೆ ಇಷ್ಟು ಪಾಠ ಬೇಕಾ ಅಮ್ಮಾ" ಅಂದೆಯಲ್ಲ. ಬೇಡ, ನಿಜ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನನ್ನ ದನಿ ಏರುತ್ತದೆ, ನೀನು ಕಟ್ ಮಾಡುತ್ತೀಯ. ಅಕ್ಕನ ಬಾಣಂತನ ಬಿಟ್ಟು ಬೆಂಗಳೂರಿನಿಂದ ಹೊರಡುವ ಹಾಗಿಲ್ಲ, ಮಗುವಿಗೆ ಇನ್ನೂ ಇಪ್ಪತ್ತು ದಿನ. ಮದುವೆಯಾಗಿ ಬಂದ ಮೇಲೆ ಗೌರಿಹಬ್ಬಕ್ಕೆ ನಾನು ತೀರ್ಥಹಳ್ಳಿ ಮನೆಯಲ್ಲಿ ಇಲ್ಲದಿರುವುದು ಇದೇ ಮೊದಲು.

ಊಟಕ್ಕೆ ಅಡುಗೆಯವರನ್ನು ಹೇಳಿದ್ದಾಗಿದೆ. ಪೂಜೆ ಅಪ್ಪಯ್ಯ ನೋಡಿಕೊಳ್ಳುತ್ತಾರೆ. ನಿನ್ನ ಪಾಲಿಗೆ ಬಂದಿರುವುದು ನಾಲ್ಕು ಗಂಟೆಯ ಕಾಫಿ ತಿಂಡಿ, ಅಷ್ಟೇ. ನೆಂಟರು ಮಾತಾಡಿಕೊಳ್ಳುವುದೂ ಅದೇ ಹೊತ್ತಿನಲ್ಲಿ.

ಮೊದಲು ಲೆಕ್ಕ. ಮನೆಯಲ್ಲಿ ಉಳಿಯುವವರು 12 ಜನ, 6 ದಿನ. ಒಬ್ಬರಿಗೆ ಒಂದು ಸಂಜೆಗೆ ಎರಡು ಚಕ್ಕುಲಿ ಇಲ್ಲವೇ ಒಂದು ಹಿಡಿ ಮಿಕ್ಸ್ಚರ್, ಅಂದರೆ ಸುಮಾರು 50 ಗ್ರಾಂ. ಆದರೆ ಗೌರಿ, ಗಣಪತಿ ಎರಡು ದಿನ ಹೋಳಿಗೆ, ಕಡುಬು ತಿಂದು ಎದ್ದವರು ಸಂಜೆ ತಟ್ಟೆ ಮುಟ್ಟುವುದಿಲ್ಲ, ಅರ್ಧ ಸಾಕು. ಹಾಗಾಗಿ ನಾಲ್ಕು ದಿನಕ್ಕೆ 2.4 ಕೆಜಿ, ಆ ಎರಡು ದಿನಕ್ಕೆ 600 ಗ್ರಾಂ, ಒಟ್ಟು 3 ಕೆಜಿ. ಗಣಪತಿ ನೋಡಲು ಬರುವ ಕೇರಿಯ ಮಕ್ಕಳಿಗೆ, ಅಡುಗೆಯವರಿಗೆ ಇನ್ನೊಂದು ಕೆಜಿ. ನಾಲ್ಕು ಕೆಜಿ ಮೀರಬೇಡ. ಚಿಕ್ಕಪ್ಪ "ಕಡಿಮೆಯಾದೀತು, ಹತ್ತು ಕೆಜಿ ತಾ" ಅನ್ನುತ್ತಾರೆ. ಅವರು ತರುವುದಿಲ್ಲ, ಹೇಳುತ್ತಾರೆ. ಹೂಂ ಅಂದುಬಿಡು.

ಚಕ್ಕುಲಿ, ಕೋಡುಬಳೆಯನ್ನು ಸೇತುವೆ ಹತ್ತಿರ ಮನೆಯಲ್ಲಿ ಮಾಡಿಕೊಡುತ್ತಾರಲ್ಲ, ಅವರಿಗೇ ಹೇಳು. ಬುಧವಾರವೇ ಹೇಳಬೇಕು, ಹಬ್ಬದ ಹಿಂದಿನ ದಿನ ಹೇಳಿದರೆ ಯಾರೋ ಬಿಟ್ಟುಹೋದದ್ದು ಸಿಗುತ್ತದೆ. ಬಿಸಿ ಇರುವಾಗಲೇ ಕವರಿಗೆ ತುಂಬಿದ್ದಾರಾ ನೋಡು. ಕವರಿನ ಒಳಗೆ ಮಂಜು ಕಟ್ಟಿದ್ದರೆ ಆ ನೀರನ್ನೆಲ್ಲ ಚಕ್ಕುಲಿ ಕುಡಿಯುತ್ತದೆ, ಮಾರನೇ ದಿನ ಮೆತ್ತಗಾಗುತ್ತದೆ. ಆರಿಸಿ, ಅರ್ಧರ್ಧ ಕೆಜಿ ಬೇರೆ ಬೇರೆ ಕಟ್ಟಿ ಅಂತ ಹೇಳು. ಮಿಕ್ಸ್ಚರನ್ನು ನೀನು ಶಿವಮೊಗ್ಗದಿಂದ ಬರುವಾಗ ಗಾಂಧಿಬಜಾರಿನಲ್ಲಿ ತೆಗೆದುಕೊಂಡರೂ ಸೈ.

ಇಲ್ಲಿಂದ ಮುಂದಿನದು ನಿನಗೆ ಇಷ್ಟವಾಗಲಿಕ್ಕಿಲ್ಲ. ನೀನು ಎರಡನೇ ಕ್ಲಾಸಿನಲ್ಲಿದ್ದ ವರ್ಷದ ಹಬ್ಬ.

ಆ ವರ್ಷ ನಾನು ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಮೂರು ಕೆಜಿ ಚಕ್ಕುಲಿ, ಎರಡು ಕೆಜಿ ಅವಲಕ್ಕಿ ಚೂಡಾ ತಂದಿದ್ದೆ. ಅಂಗಡಿಯವನು ಮೇಲಿನಿಂದ ಒಂದು ಮುರಿದು ಕೊಟ್ಟ, ಗರಿಗರಿ ಇತ್ತು. ಗರಿಗರಿ ಇದ್ದರೆ ಸಾಕು ಅಂದುಕೊಂಡೆ. ಮೂಸಿ ನೋಡಲಿಲ್ಲ. ಜಗಲಿಯಲ್ಲಿ ಸೋದರತ್ತೆ, ಅವರ ಬೀಗಿತ್ತಿ, ಸಾಗರದವರು ಎಲ್ಲ ಕೂತಿದ್ದರು. ನೀನು ತಟ್ಟೆ ಹಿಡಿದು ಹೋದವಳು ಅರ್ಧ ದಾರಿಯಲ್ಲಿ ನಿಂತು, "ಅಮ್ಮಾ, ಇದು ದೇವರ ದೀಪದ ಹಳೇ ಎಣ್ಣೆ ವಾಸನೆ ಬರ್ತಿದೆ" ಅಂದೆ. ಎಲ್ಲರಿಗೂ ಕೇಳಿತು. ಆಮೇಲಿನದು ನಿನಗೂ ನೆನಪಿದೆ, ನನಗೂ ನೆನಪಿದೆ.

ಅತ್ತೆ ಕಚ್ಚಿದ ಚಕ್ಕುಲಿಯನ್ನು ತಟ್ಟೆಯ ಅಂಚಿನಲ್ಲಿ ಇಟ್ಟು ಕಾಫಿ ಮಾತ್ರ ಕುಡಿದರು. ಆ ಅರ್ಧ ಚಕ್ಕುಲಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಒಂದು ಮುರಿದು, ಮುರಿದ ಜಾಗವನ್ನು ಮೂಗಿಗೆ ಹಿಡಿದೆ. ಅಪ್ಪಟ ಕಮಟು. ಚೂಡಾದ ಕೊಬ್ಬರಿ ಚೂರು ಬಾಯಿಗೆ ಹಾಕಿಕೊಂಡರೆ ಗಂಟಲು ಕೆರೆಯಿತು. ಐದು ಕೆಜಿಯನ್ನೂ ಬೆಳಿಗ್ಗೆ ಗೊಬ್ಬರದ ಗುಂಡಿಗೆ ಹಾಕಿದೆ. ನಿನ್ನ ಹತ್ತಿರ ಏನೂ ಹೇಳಲಿಲ್ಲ. ಹೇಳಬೇಕಿತ್ತು. ನಿನ್ನ ಮೂಗು ಸರಿ ಇತ್ತು, ನನ್ನ ಕೈ ತಪ್ಪು ಮಾಡಿತು. ಏಳು ವರ್ಷದ ಮಗು ಕಂಡುಹಿಡಿದದ್ದನ್ನು ನಾನು ಕಂಡುಹಿಡಿಯಲಿಲ್ಲ ಅನ್ನುವ ಸಿಟ್ಟು ಅದು, ನಿನ್ನ ಮೇಲಿನದಲ್ಲ. ಇಷ್ಟು ವರ್ಷ ನಿನಗೆ ಪಾಠ ಹೇಳುತ್ತಾ ಬಂದಿದ್ದೂ ಅದಕ್ಕೇ ಇರಬೇಕು.

ಇರಲಿ. ಮೆತ್ತಗಾಗುವುದು ಬೇರೆ, ಕಮಟುವುದು ಬೇರೆ. ಆಗ ನನಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ಮೆತ್ತಗಾಗುವುದು ನಮ್ಮ ಮಳೆಗಾಳಿಯ ಥಂಡಿಗೆ. ಅಂಥದ್ದನ್ನು ದಪ್ಪ ಬಾಣಲೆಯಲ್ಲಿ ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಮತ್ತೆ ಗರಿಗರಿಯಾಗುತ್ತದೆ. ಕಮಟುವುದು ಎಣ್ಣೆ ಕೆಟ್ಟು. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದರೆ, ಇಲ್ಲವೇ ಸರಕು ಗಾಳಿ ಬೆಳಕಿನಲ್ಲಿ ಹಳೆಯದಾದರೆ ಬರುತ್ತದೆ. ಅದನ್ನು ಎಷ್ಟು ಬಿಸಿ ಮಾಡಿದರೂ ಸರಿಹೋಗುವುದಿಲ್ಲ. ಗರಿಗರಿಯಾಗಿದ್ದೂ ಕಮಟಿರಬಹುದು, ನಾನು ಮೋಸಹೋದದ್ದು ಅಲ್ಲೇ. ಅಂಗಡಿಯಲ್ಲಿ ಮುರಿ, ಮೂಸು, ಆಮೇಲೆ ತಿನ್ನು. ಮಿಕ್ಸ್ಚರ್ ಆದರೆ ಖಾರಾಸೇವೆಯನ್ನಲ್ಲ, ಕಡಲೆಬೀಜ, ಕೊಬ್ಬರಿಯನ್ನು ಆರಿಸಿ ತಿನ್ನು. ಸಾಮಾನ್ಯವಾಗಿ ಮೊದಲು ಕಮಟುವುದು ಅವೇ.

ಸಿಹಿ ಎರಡು ಕೆಜಿ ಸಾಕು, ಹಬ್ಬದ ಎರಡು ದಿನ ಊಟದಲ್ಲೇ ಸಿಹಿ ಇದೆ. ಮೈಸೂರುಪಾಕ್, ಬೇಸನ್ ಲಾಡು ಶನಿವಾರವೇ ತಂದರೂ ವಾರ ಇರುತ್ತವೆ, ಅವುಗಳಲ್ಲಿ ನೀರಿನಂಶ ಕಡಿಮೆ. ಒಂದು ಚೂರು ತಿಂದು ನೋಡು, ಅಂಗುಳಿಗೆ ಮೇಣದ ಹಾಗೆ ಹತ್ತಿಕೊಂಡರೆ ತುಪ್ಪದ್ದಲ್ಲ, ಡಾಲ್ಡಾದ್ದು. ದೊಡ್ಡಮ್ಮನಿಗೆ ಖೋವಾ ಪೇಡಾ ಬೇಕೇ ಬೇಕು. ಅದನ್ನು ಅವರು ಬರುವ ಗುರುವಾರ ಬೆಳಿಗ್ಗೆ ತೀರ್ಥಹಳ್ಳಿ ಪೇಟೆಯಲ್ಲೇ ಕಾಲು ಕೆಜಿ ತಾ, ಫ್ರಿಜ್ಜಿನಲ್ಲಿಟ್ಟು ಮಾರನೇ ದಿನಕ್ಕೆ ಮುಗಿಸು. ಬಿಡಿ ಸಿಹಿಯ ಟ್ರೇ ಮುಂದೆ ಯಾವ ತಾರೀಕಿನೊಳಗೆ ತಿನ್ನಬೇಕು ಅಂತ ಬರೆದಿಡಬೇಕೆಂದು 2020ರ ಅಕ್ಟೋಬರ್ 1ರಿಂದ ನಿಯಮವೇ ಇದೆ. ಚೀಟಿ ಇಲ್ಲದಿದ್ದರೆ ಕೇಳು, ಮುಜುಗರ ಬೇಡ. ತೂಗುವಾಗ ಖಾಲಿ ಪೆಟ್ಟಿಗೆಯನ್ನು ಮೊದಲು ತಕ್ಕಡಿಗಿಟ್ಟು ಸೊನ್ನೆ ಮಾಡಿದನಾ ನೋಡು. ಇಲ್ಲದಿದ್ದರೆ ರಟ್ಟಿಗೂ ಮೈಸೂರುಪಾಕಿನ ರೇಟೇ ಕೊಟ್ಟ ಹಾಗಾಗುತ್ತದೆ.

ಮನೆಗೆ ತಂದ ಮೇಲೆ ಎಲ್ಲ ಕಟ್ಟುಗಳನ್ನೂ ಒಟ್ಟಿಗೆ ಬಿಚ್ಚಬೇಡ. ದಿನಕ್ಕೆ ಒಂದೋ ಎರಡೋ ಬಿಚ್ಚು, ಉಳಿದವು ಕಟ್ಟಿದ ಹಾಗೇ ಒಲೆಮನೆಯ ಅಟ್ಟದಲ್ಲಿರಲಿ, ಅಲ್ಲಿ ಥಂಡಿ ಕಡಿಮೆ. ಒದ್ದೆ ಕೈ ಹಾಕಬೇಡ ಅಂತ ಮಕ್ಕಳಿಗೆ ಹೇಳು. ನೀನೇ ಬಡಿಸು ಅಂತಿದ್ದೆ, ಬೇಡ, ಯಾರಾದರೂ ಬಡಿಸಲಿ. ನೀನೂ ಜಗಲಿಯಲ್ಲಿ ಅತ್ತೆಯ ಪಕ್ಕ ಕೂತು ತಿನ್ನು. ಕೆಟ್ಟಿದ್ದರೆ ಕೆಟ್ಟಿದೆ ಅನ್ನು, ಜೋರಾಗಿಯೇ ಅನ್ನು.

ಮಗು ಎದ್ದಿತು. ಕೆಂಪು ಮುಚ್ಚಳದ ದೊಡ್ಡ ಡಬ್ಬಿಯ ರಬ್ಬರ್ ಹೋಗಿದೆ, ಅದಕ್ಕೆ ಏನೂ ಹಾಕಬೇಡ. ಹಾಕಲೇಬೇಕಾದರೆ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚು.

ಅಮ್ಮ