‘ಎಎಎ’ ಪತ್ರ ಸೊನ್ನೆಯಾದದ್ದು ಹೇಗೆ?

ಮಾನ್ಯರೇ,

2008ರ ಅಮೆರಿಕದ ಆರ್ಥಿಕ ಕುಸಿತಕ್ಕೆ ಸಾಲಗಾರರ ದುರಾಸೆಯೇ ಕಾರಣವೆಂದು ಹಲವರು ಇಂದಿಗೂ ಬರೆಯುತ್ತಾರೆ. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆಯೇ ನಿವೃತ್ತನಾದ ನನಗೆ ಇದು ಅರ್ಧ ಸತ್ಯ.

ಅಲ್ಲಿ ಸಾವಿರಾರು ಗೃಹಸಾಲಗಳನ್ನು ಒಂದು ಗುಂಪಾಗಿ ಕೂಡಿಸಿ, ಬರುವ ಕಂತುಗಳ ಮೇಲೆ ಪದರ ಪದರವಾಗಿ ಸಾಲಪತ್ರ ಮಾರುತ್ತಿದ್ದರು. 100 ಡಾಲರ್ ಸಾಲದಲ್ಲಿ ಮೊದಲ 5 ಡಾಲರ್ ನಷ್ಟ ತಳದ ಪದರಕ್ಕೆ, ನಂತರದ 3 ಡಾಲರ್ ಅದರ ಮೇಲಿನ ಪದರಕ್ಕೆ ಎಂದಿಟ್ಟುಕೊಳ್ಳೋಣ. ಈ ಎರಡನೇ ಪದರಕ್ಕೆ ಗಿರಾಕಿಗಳು ಕಡಿಮೆ. ಹಾಗಾಗಿ ಬೇರೆ ಬೇರೆ ಗುಂಪುಗಳ ಇಂಥ ಪದರಗಳನ್ನೇ ಮತ್ತೆ ಕೂಡಿಸಿ ‘ಸಿಡಿಒ’ ಎಂಬ ಹೊಸ ಪತ್ರ ಹೊಸೆದರು. ಎಲ್ಲ ಊರುಗಳಲ್ಲೂ ಸಾಲ ಒಟ್ಟಿಗೆ ಮುಳುಗದು ಎಂಬ ಲೆಕ್ಕದಲ್ಲಿ ರೇಟಿಂಗ್ ಸಂಸ್ಥೆಗಳು ಅದರ ಬಹುಪಾಲಿಗೆ ಅತ್ಯಂತ ಸುರಕ್ಷಿತ ಎಂಬರ್ಥದ ‘ಎಎಎ’ ದರ್ಜೆ ಕೊಟ್ಟವು.

ಮನೆಗಳ ಬೆಲೆ ದೇಶದುದ್ದಕ್ಕೂ ಕುಸಿದು ಪ್ರತಿ ಗುಂಪಿನ ನಷ್ಟವೂ 8 ಡಾಲರ್ ಮುಟ್ಟಿದರೆ? ಮೂಲ ಸಾಲದಲ್ಲಿ 92 ಡಾಲರ್ ಇನ್ನೂ ಉಳಿದಿರುತ್ತದೆ. ಆದರೆ ಎರಡನೇ ಪದರಗಳೆಲ್ಲ ಒಮ್ಮೆಗೇ ಸೊನ್ನೆ, ಅವುಗಳಿಂದ ಕಟ್ಟಿದ ‘ಎಎಎ’ ಪತ್ರವೂ ಸೊನ್ನೆ. ಯಾರ ಬಳಿ ಇಂಥ ಪತ್ರ ಎಷ್ಟಿದೆ ಎಂಬುದು ತಿಳಿಯದೆ ಬ್ಯಾಂಕುಗಳು ಪರಸ್ಪರ ಸಾಲ ಕೊಡಲೇ ಹೆದರಿದವು.

ನಮ್ಮ ರಿಸರ್ವ್ ಬ್ಯಾಂಕ್ 2021ರ ನಿಯಮಗಳಲ್ಲಿ ಇಂಥ ಮರುಜೋಡಣೆಯನ್ನು ನಿಷೇಧಿಸಿದೆ. ಸಾಲ ಕೊಟ್ಟ ಸಂಸ್ಥೆಯೂ ಅದರ ಒಂದು ಪಾಲನ್ನು ತನ್ನಲ್ಲೇ ಉಳಿಸಿಕೊಳ್ಳಬೇಕು. ಆದರೆ ಸಾಲಗಾರನ ಆದಾಯಪತ್ರವೇ ಸುಳ್ಳಾಗಿದ್ದರೆ ಈ ಎರಡೂ ಅದನ್ನು ಹಿಡಿಯಲಾರವು.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ